ಮೊಟ್ಟೆಗೆ ಮಸಾಲೆ ಹಿಡಿಯಬೇಕಾದರೆ

ಮೊಟ್ಟೆ ಸಾರು ಎಷ್ಟೇ ಘಮಘಮಿಸಿದರೂ ಎಷ್ಟೋ ಸಲ ಒಳಗಿನ ಮೊಟ್ಟೆ ಸಪ್ಪೆಯಾಗಿರುತ್ತದೆ. ಬೆಂದ ಮೊಟ್ಟೆಯ ಮೈ ನುಣುಪು, ಮಸಾಲೆ ಅದರ ಮೇಲೆ ನಿಲ್ಲದೆ ಜಾರುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಮಸಾಲೆ ಹಿಡಿಯುವುದಿಲ್ಲ, ಮೊಟ್ಟೆ ರಬ್ಬರಿನಂತಾಗುತ್ತದೆ ಅಷ್ಟೇ. ಸಾರಿಗೆ ಬಿಡುವ ಮೊದಲು ಮೊಟ್ಟೆಯನ್ನು ಹದವಾಗಿ ಹುರಿದುಕೊಳ್ಳುವುದೇ ಇದಕ್ಕೆ ದಾರಿ.

ಆರು ಮೊಟ್ಟೆಗಳನ್ನು ಕುದಿಯುವ ನೀರಿಗೆ ಮೆಲ್ಲಗೆ ಇಳಿಸಿ, ಸಣ್ಣ ಕುದಿಯಲ್ಲಿ ಹತ್ತು ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಸಿಪ್ಪೆಯೂ ಸಲೀಸಾಗಿ ಬರುತ್ತದೆ. ಹಳದಿಯ ಸುತ್ತ ಹಸಿರು ಬಳೆ ಕಂಡರೆ ಬೇಯುವುದು ಹೆಚ್ಚಾಗಿದೆ ಎಂದರ್ಥ. ಬಿಳಿಭಾಗದ ಗಂಧಕವೂ ಹಳದಿಯ ಕಬ್ಬಿಣವೂ ಸೇರಿ ಆ ಬಣ್ಣ ಬರುತ್ತದೆ. ತಿಂದರೆ ತೊಂದರೆಯಿಲ್ಲ, ಆದರೆ ಮೊಟ್ಟೆಯ ಮೃದುತನ ಹೋಗಿರುತ್ತದೆ.

ಸಿಪ್ಪೆ ಸುಲಿದ ಮೊಟ್ಟೆಯನ್ನು ಬಟ್ಟೆಯಲ್ಲಿ ಒರೆಸಿ. ನೀರಿನ ಪಸೆ ಉಳಿದರೆ ಎಣ್ಣೆ ಸಿಡಿಯುತ್ತದೆ. ಚಾಕುವಿನಿಂದ ಉದ್ದಕ್ಕೆ ನಾಲ್ಕು ಗೀರು ಹಾಕಿ, ಹಳದಿಯವರೆಗೆ ಹೋಗದಂತೆ. ಗೀರಿಲ್ಲದ ಮೊಟ್ಟೆಯೊಳಗೆ ಹಬೆ ಕಟ್ಟಿಕೊಂಡರೆ ಅದು ಬಾಣಲೆಯಲ್ಲೇ ಒಡೆಯಬಹುದು. ಎರಡು ಚಮಚ ಎಣ್ಣೆ ಕಾಯಿಸಿ, ಉರಿ ತಗ್ಗಿಸಿ, ಚಿಟಿಕೆ ಅರಿಸಿನ, ಉಪ್ಪು, ಅರ್ಧ ಚಮಚ ಅಚ್ಚಖಾರದ ಪುಡಿ ಹಾಕಿದ ಕೂಡಲೇ ಮೊಟ್ಟೆ ಬಿಟ್ಟು ಉರುಳಿಸುತ್ತಿರಿ. ತಡವಾದರೆ ಖಾರದ ಪುಡಿ ಕರಕಲಾಗಿ ಕಹಿಯಾಗುತ್ತದೆ. ಒಂದೆರಡು ನಿಮಿಷದಲ್ಲಿ ಮೈಮೇಲಿನ ನೀರಿನಂಶ ಆರಿ, ಸಣ್ಣ ಗುಳ್ಳೆಗಳೆದ್ದು, ಅಲ್ಲಲ್ಲಿ ಹೊಂಬಣ್ಣ ಬರುತ್ತದೆ. ಮಸಾಲೆ ಅಂಟಿಕೊಳ್ಳುವುದು ಈ ಒರಟು ಪದರಕ್ಕೇ. ಅಲ್ಲಿಗೆ ತೆಗೆದುಬಿಡಿ, ಇನ್ನೂ ಹುರಿದರೆ ಹೊರಪದರ ಗಟ್ಟಿಯಾಗಿ ಹಲ್ಲಿಗೆ ಜಗ್ಗುತ್ತದೆ.

ಈಗ ಮಸಾಲೆ. ಎರಡು ಚಮಚ ಕೊತ್ತಂಬರಿ ಬೀಜ, ಆರು ಬ್ಯಾಡಗಿ ಮೆಣಸಿನಕಾಯಿ, ಒಂದು ತುಂಡು ಚಕ್ಕೆ, ಮೂರು ಲವಂಗ, ಅರ್ಧ ಚಮಚ ಕಾಳುಮೆಣಸು, ಒಂದು ಚಮಚ ಗಸಗಸೆ ಇವನ್ನು ಸಣ್ಣ ಉರಿಯಲ್ಲಿ ಹುರಿದು, ಅರ್ಧ ಬಟ್ಟಲು ಕಾಯಿತುರಿ, ಶುಂಠಿ, ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ರುಬ್ಬಿ. ಮೊಟ್ಟೆ ಹುರಿದ ಬಾಣಲೆಗೇ ಇನ್ನಷ್ಟು ಎಣ್ಣೆ ಹಾಕಿ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿಯನ್ನು ಕಂದು ಬಣ್ಣಕ್ಕೆ ಬರುವವರೆಗೆ ಬಾಡಿಸಿ. ಎರಡು ಟೊಮೆಟೊ ಸೇರಿಸಿ ಕರಗುವಂತೆ ಬೇಯಿಸಿ. ರುಬ್ಬಿದ್ದನ್ನು ಹಾಕಿ, ಹಸಿ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ. ಇಲ್ಲಿ ಅವಸರ ಮಾಡಿದರೆ ಹಸಿ ಬೆಳ್ಳುಳ್ಳಿಯ ಘಾಟು ಕೊನೆಯವರೆಗೂ ಉಳಿಯುತ್ತದೆ.

ಬಿಸಿನೀರು ಒಂದೂವರೆ ಲೋಟ, ರುಚಿಗೆ ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಸೌಟಿನ ಬೆನ್ನಿಗೆ ಅಂಟುವಷ್ಟು ಮಂದವಾದರೆ ಹದ ಸರಿಯಾಗಿದೆ. ತೆಳುವಾದ ಸಾರು ಗೀರಿಗಿಳಿದರೂ ಅಲ್ಲಿ ನಿಲ್ಲುವುದಿಲ್ಲ. ಆಮೇಲೆ ಮೊಟ್ಟೆ ಬಿಟ್ಟು, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷವಿಟ್ಟು ಒಲೆ ಆರಿಸಿ, ಮುಚ್ಚಿಡಿ. ಕಾಲು ಗಂಟೆಯಲ್ಲಿ ಮಸಾಲೆ ಗೀರುಗಳಲ್ಲಿ ಕೂರುತ್ತದೆ.

ಮುದ್ದೆಗೆ ಬೇಕಾದರೆ ಕೊನೆಯಲ್ಲಿ ಸ್ವಲ್ಪ ಬಿಸಿನೀರು ಬೆರೆಸಿ ತೆಳುವಾಗಿಸಿ, ಚಪಾತಿಗಾದರೆ ಹಾಗೇ ಇರಲಿ. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಬಿಸಿ ಮಾಡುವಾಗ ಮೊಟ್ಟೆಯನ್ನು ತೆಗೆದಿಟ್ಟು ಸಾರನ್ನಷ್ಟೇ ಕುದಿಸಿ. ಕುದಿ ಇಳಿದ ಮೇಲೆ ಮೊಟ್ಟೆ ಬಿಟ್ಟು, ಒಳಗೂ ಬಿಸಿಯಾಗುವಷ್ಟು ಹೊತ್ತು ಸಣ್ಣ ಉರಿಯಲ್ಲಿಟ್ಟರೆ ಅದು ಗಟ್ಟಿಯಾಗುವುದಿಲ್ಲ.