ಪುಟ 42, ಸಾಲು 11

ಅಮೆರಿಕದ ಸಿವಿಲ್ ದಾವೆಗಳಲ್ಲಿ ಕೋರ್ಟಿನ ವಿಚಾರಣೆಗೆ ಮೊದಲೇ ಪ್ರಮಾಣ ಮಾಡಿದ ಸಾಕ್ಷಿಗೆ ವಕೀಲರು ಪ್ರಶ್ನೆ ಕೇಳುತ್ತಾರೆ. ಸಾಮಾನ್ಯವಾಗಿ ನ್ಯಾಯಾಧೀಶರು ಅಲ್ಲಿರುವುದಿಲ್ಲ; ಕೋರ್ಟ್ ರಿಪೋರ್ಟರ್ ಒಬ್ಬರು ಆಡಿದ ಮಾತನ್ನೆಲ್ಲ ಬರೆದುಕೊಳ್ಳುತ್ತಾರೆ. ಇದೇ ಡೆಪೊಸಿಷನ್. ಫೆಡರಲ್ ನಿಯಮದಂತೆ ಒಬ್ಬ ಸಾಕ್ಷಿಗೆ ಒಂದು ದಿನ, ಏಳು ಗಂಟೆ. ಅಷ್ಟಕ್ಕೇ ಇನ್ನೂರು ಪುಟ ದಾಟಿಬಿಡುತ್ತದೆ. ಪುಟಕ್ಕೆ ಸಾಮಾನ್ಯವಾಗಿ 25 ಸಾಲು, ಪ್ರತಿ ಸಾಲಿಗೂ ಅಂಚಿನಲ್ಲಿ ಸಂಖ್ಯೆ. ಈ ಕಂತೆಯನ್ನು ಹತ್ತಾರು ಪುಟಕ್ಕೆ ಇಳಿಸುವ ಕೆಲಸ ಬೆಂಗಳೂರಿನ ಕಚೇರಿಗಳಲ್ಲೂ ನಡೆಯುತ್ತದೆ.

ಪುಟದ ಕ್ರಮದಲ್ಲೇ ಸಾರ ಬರೆಯುತ್ತ ಹೋಗುವುದು ಸುಲಭ. ಆದರೆ ವಕೀಲರು ಒಂದು ವಿಷಯವನ್ನು ಬೆಳಿಗ್ಗೆ ಕೇಳಿ, ಬಿಟ್ಟು, ಊಟವಾದ ಮೇಲೆ ಮತ್ತೆ ಕೆದಕುತ್ತಾರೆ. ಒಂದು ಲಾರಿ ಅಪಘಾತದ ದಾವೆ ಎಂದಿಟ್ಟುಕೊಳ್ಳಿ. ಪುಟ 42ರಲ್ಲಿ ಚಾಲಕ ‘ಸಿಗ್ನಲ್ ಹಳದಿ ಇತ್ತು’ ಎನ್ನುತ್ತಾನೆ. ಪುಟ 187ರಲ್ಲಿ ‘ಯಾವ ಬಣ್ಣವಿತ್ತೋ ನೆನಪಿಲ್ಲ’ ಎನ್ನುತ್ತಾನೆ. ವಿಷಯವಾರು ಜೋಡಿಸಿದರೆ ಇವೆರಡೂ ‘ಸಿಗ್ನಲ್’ ಎಂಬ ಒಂದೇ ತಲೆಬರಹದಡಿ ಅಕ್ಕಪಕ್ಕ ಕೂರುತ್ತವೆ:

ಹಳದಿ ಇತ್ತು ಎಂದ — 42:11–19
ಬಣ್ಣ ನೆನಪಿಲ್ಲ ಎಂದ — 187:4–10

ಆದ್ದರಿಂದ ಮೊದಲ ಓದಿನಲ್ಲಿ ನಾನು ಸಾರ ಬರೆಯುವುದೇ ಇಲ್ಲ. ದಾವೆಯ ಅರ್ಜಿಯನ್ನು ಪಕ್ಕದಲ್ಲಿಟ್ಟುಕೊಂಡು ಸಿಗ್ನಲ್, ವೇಗ, ಫೋನ್, ಬ್ರೇಕ್ ಎಂದು ತಲೆಬರಹಗಳನ್ನಷ್ಟೇ ಗುರುತಿಸುತ್ತೇನೆ. ಎರಡನೇ ಓದಿನಲ್ಲಿ ಹೇಳಿಕೆಗಳನ್ನು ಅವುಗಳ ಕೆಳಗೆ ತುಂಬುತ್ತೇನೆ. ಫೋನ್ ನೋಡುತ್ತ ಬ್ರೇಕ್ ಹಾಕಲು ತಡವಾಯಿತು ಎಂಬ ಮಾತು ಎರಡು ಕಡೆಯೂ ಬರಬೇಕು.

ಎಡವುವುದು ಸಣ್ಣ ಮಾತುಗಳಲ್ಲಿ. ‘ನೆನಪಿಲ್ಲ’ ಎಂದದ್ದನ್ನು ‘ಇಲ್ಲ’ ಎಂದು ಬರೆದರೆ ಸಾಕ್ಷಿ ಹೇಳದ್ದನ್ನು ಅವನ ಬಾಯಿಗೆ ತುರುಕಿದಂತೆ. ‘ಹೌದು’ ಎಂಬ ಉತ್ತರದ ಸಾಲನ್ನಷ್ಟೇ ಕೊಟ್ಟರೂ ಪ್ರಯೋಜನವಿಲ್ಲ, ಯಾವುದಕ್ಕೆ ಹೌದು? ಉಲ್ಲೇಖ ಪ್ರಶ್ನೆಯ ಸಾಲಿನಿಂದಲೇ ಶುರುವಾಗಬೇಕು. ನಾಳೆ ಕೋರ್ಟಿನಲ್ಲಿ ಸಾಕ್ಷಿ ಮಾತು ಬದಲಿಸಿದಾಗ ವಕೀಲರು ಅದೇ ಪುಟ ತೆರೆದು ಪ್ರಶ್ನೆ, ಉತ್ತರ ಎರಡನ್ನೂ ಗಟ್ಟಿಯಾಗಿ ಓದುವವರು. ರಿಪೋರ್ಟರ್ ಮೊದಲು ಕಳಿಸುವ ಕರಡು ಪ್ರತಿಯಿಂದ ಸಂಖ್ಯೆ ಎತ್ತಿದ್ದರಂತೂ ಆಗ ಪೇಚಾಟವೇ. ಅಂತಿಮ ಪ್ರತಿಯಲ್ಲಿ ಸಾಲುಗಳು ಸರಿದಿರುತ್ತವೆ. ಅದಕ್ಕೇ ಕಳಿಸುವ ಮುನ್ನ ಪ್ರತಿಯೊಂದು ಉಲ್ಲೇಖವನ್ನೂ ದೃಢೀಕೃತ ಪ್ರತಿಯಲ್ಲಿ ತೆರೆದು ನೋಡುತ್ತೇನೆ.

ಅಷ್ಟಾದರೂ ಕಡತ ಮುಚ್ಚುವಂತಿಲ್ಲ. ಮೊದಲೇ ಕೋರಿದ್ದರೆ, ಪ್ರತಿ ಸಿದ್ಧವಾದ ಸೂಚನೆ ಬಂದ 30 ದಿನಗಳೊಳಗೆ ಸಾಕ್ಷಿ ಅದನ್ನು ಓದಿ, ಕಾರಣ ಕೊಟ್ಟು ತಿದ್ದುಪಡಿ ಪಟ್ಟಿ ಸಲ್ಲಿಸಬಹುದು. ನಮ್ಮ ಚಾಲಕ ಪುಟ 42ರ ‘ಹಳದಿ’ಯನ್ನು ‘ಹಸಿರು’ ಎಂದು ತಿದ್ದಿದನೆನ್ನಿ. ಆಗ ಹಳೆಯ ನಮೂದನ್ನು ಅಳಿಸದೆ, ಅದರ ಕೆಳಗೇ ತಿದ್ದುಪಡಿಯನ್ನೂ ಅವನು ಕೊಟ್ಟ ಕಾರಣವನ್ನೂ ಬರೆಯುತ್ತೇನೆ.