ಸ್ಲೈಡ್‌ನಲ್ಲಿ ನಾಲ್ಕು ಲಾರಿ, ನಡಾವಳಿಯಲ್ಲಿ ಮೂರು

ಸಾಗಣೆ ಕಂಪನಿಯೊಂದರ ನಿರ್ದೇಶಕರ ಸಭೆ ನಡೆದಿದೆ ಎಂದುಕೊಳ್ಳಿ. ಪರದೆಯ ಮೇಲಿನ ಆರನೇ ಸ್ಲೈಡ್ ಹೇಳುತ್ತದೆ: ‘4 ಹೊಸ ಲಾರಿ, ವೆಚ್ಚ 1.2 ಕೋಟಿ ರೂಪಾಯಿ’. ಅದರ ಕೆಳಗೆ ಕಾರ್ಯದರ್ಶಿ ಅವಸರದಲ್ಲಿ ಬರೆದ ಟಿಪ್ಪಣಿ: ‘ಸದ್ಯ 3. ಉಳಿದದ್ದು ಸೆಪ್ಟೆಂಬರ್ ನಂತರ. ಬಡ್ಡಿ? ಎರಡು ಬ್ಯಾಂಕ್ ವಿಚಾರಿಸಬೇಕು - ಹಣಕಾಸು’.

ನಡಾವಳಿ ಬರೆಯುವವರು ಎಡವುವುದು ಇಲ್ಲೇ. ಸ್ಲೈಡ್ ಅಚ್ಚುಕಟ್ಟಾಗಿದೆ, ಟಿಪ್ಪಣಿ ಗೀಚಿದಂತಿದೆ. ಹಾಗಾಗಿ ಕೈ ಸ್ಲೈಡಿನತ್ತಲೇ ಹೋಗುತ್ತದೆ. ಆದರೆ ಸ್ಲೈಡ್ ಸಭೆಯ ಮುಂದಿಟ್ಟ ಪ್ರಸ್ತಾವ ಮಾತ್ರ. ಸಭೆ ಏನು ಒಪ್ಪಿತು ಎಂಬುದು ಟಿಪ್ಪಣಿಯಲ್ಲಿದೆ. ಸರಿಯಾದ ಕರಡು ಹೀಗಿರುತ್ತದೆ: ‘ನಾಲ್ಕು ಲಾರಿ ಖರೀದಿಯ ಪ್ರಸ್ತಾವ ಮಂಡನೆಯಾಯಿತು. ಚರ್ಚೆಯ ನಂತರ ಮೂರಕ್ಕೆ ಒಪ್ಪಿಗೆ ನೀಡಲಾಯಿತು. ನಾಲ್ಕನೆಯದನ್ನು ಸೆಪ್ಟೆಂಬರ್ ನಂತರ ಪರಿಶೀಲಿಸುವುದು. ಎರಡು ಬ್ಯಾಂಕ್‌ಗಳ ಬಡ್ಡಿದರವನ್ನು ಹಣಕಾಸು ವಿಭಾಗ ತರುವುದು’. ಮೂರು ಲಾರಿಗೆ ಎಷ್ಟು ಹಣ? ಟಿಪ್ಪಣಿಯಲ್ಲಿಲ್ಲ. 90 ಲಕ್ಷ ಎಂದು ಭಾಗಿಸಿ ಬರೆಯುವುದು ತಪ್ಪು, ಅಧ್ಯಕ್ಷರನ್ನೇ ಕೇಳಬೇಕು.

ಇನ್ನೊಂದು ಬಲೆಯಿದೆ. ಪವರ್‌ಪಾಯಿಂಟ್‌ನ ಸ್ಲೈಡಿನ ಕೆಳಗೆ ಮಂಡಿಸುವವರು ಮೊದಲೇ ಬರೆದುಕೊಂಡ ಮಾತುಗಳೂ ಇರಬಹುದು. ಅವನ್ನು ಸಭೆಯಲ್ಲಿ ಆಡಿರದಿದ್ದರೆ ನಡಾವಳಿಗೆ ತರಬಾರದು. ‘ಇಲ್ಲಿ ಲಾಭಾಂಶ ಒತ್ತಿ ಹೇಳು’ ಎಂಬಂಥ ಸೂಚನೆ ಕಂಡರೆ ಅದು ಪೂರ್ವಸಿದ್ಧತೆ. ಯಾರೋ ಕೇಳಿದ ಪ್ರಶ್ನೆ, ಬದಲಾದ ಅಂಕಿ ಕಂಡರೆ ಅದು ಚರ್ಚೆ.

ತಡಮಾಡಿದಷ್ಟೂ ಈ ವ್ಯತ್ಯಾಸ ಮಸುಕಾಗುತ್ತದೆ. ಭಾರತದ 2013ರ ಕಂಪನಿ ಕಾಯ್ದೆಯ 118ನೇ ಕಲಮಿನಂತೆ ಸಭೆ ಮುಗಿದ 30 ದಿನಗಳೊಳಗೆ ನಡಾವಳಿ ಸಿದ್ಧವಾಗಿರಬೇಕು.