ಮೇಲ್ ಬರುತ್ತಿಲ್ಲ, ಎಷ್ಟು ಹೊತ್ತಿನ ಕೆಲಸ?

ಬಿಡಿಯಾಗಿ ವೆಬ್‌ಸೈಟ್ ರಿಪೇರಿ ಮಾಡುವ ಗೆಳೆಯರೇ, ಮಾಟುಂಗಾದ ಅಂಗಡಿಯವರೊಬ್ಬರು ಫೋನ್ ಮಾಡಿ, "ಗಿರಾಕಿಗಳು ಫಾರಂ ತುಂಬಿದರೂ ನಮಗೆ ಮೇಲ್ ಬರುತ್ತಿಲ್ಲ, ಎಷ್ಟು ಹೊತ್ತಿನ ಕೆಲಸ?" ಎಂದರೆನ್ನಿ. "ಐದೇ ನಿಮಿಷ" ಎನ್ನಬೇಡಿ. "ಕಾರಣ ಹುಡುಕಲು 1 ಗಂಟೆ ಕೊಡಿ, ಸಿಕ್ಕ ಮೇಲೆ ಉಳಿದ ಲೆಕ್ಕ ಹೇಳುತ್ತೇನೆ" ಎನ್ನಿ.

ಸಾಮಾನ್ಯವಾಗಿ ಆಗುವುದಿಷ್ಟು: ಫಾರಂ ಗಿರಾಕಿಯ ವಿಳಾಸವನ್ನೇ `From` ಜಾಗದಲ್ಲಿಟ್ಟು ಕಳಿಸುತ್ತದೆ. ಆ ಹೆಸರಿನಲ್ಲಿ ಕಳಿಸುವ ಅಧಿಕಾರ ಅಂಗಡಿಯ ಸರ್ವರ್‌ಗಿಲ್ಲ; ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ, ಇಲ್ಲವೇ ತಿರಸ್ಕೃತವಾಗುತ್ತದೆ. `From` ಅಂಗಡಿಯ ಡೊಮೇನಿನದಿರಲಿ, ಗಿರಾಕಿಯ ವಿಳಾಸ `Reply-To`ನಲ್ಲಿರಲಿ.

ತಿದ್ದಲು ಅರ್ಧ ಗಂಟೆ, ಪರೀಕ್ಷೆಗೆ 1 ಗಂಟೆ ಕೇಳಿ. "ಕಳಿಸಲಾಗಿದೆ" ಎಂದು ಪರದೆ ಹೇಳಿದರೆ ಸಾಲದು. ಮೊಬೈಲಿನಿಂದಲೂ ತುಂಬಿ ನೋಡಿ. ಮಾಲೀಕರ ಇನ್‌ಬಾಕ್ಸಿಗೇ ಬಂತೇ, ಅವರ ಉತ್ತರ ಗಿರಾಕಿಗೇ ಹೋಯಿತೇ? ಎರಡೂ ಕಣ್ಣಾರೆ ಕಂಡ ಮೇಲೆ ಕೆಲಸ ಒಪ್ಪಿಸಿ.